ಬಿಳಿ ಪಂಚೆಗೆ ಮುರಕಲ್ಲಿನ ಬಣ್ಣ

ಕರಾವಳಿಯ ಎಷ್ಟೋ ಮನೆಗಳಲ್ಲಿ ಬಿಳಿ ಬಟ್ಟೆಗೆ ಆಯುಷ್ಯ ಕಡಿಮೆ. ಹಬ್ಬಕ್ಕೆಂದು ತಂದ ಪಂಚೆ ನಾಲ್ಕಾರು ಸಲ ಒಗೆಯುವಷ್ಟರಲ್ಲಿ ಕೆನೆಬಣ್ಣಕ್ಕೆ ತಿರುಗುತ್ತದೆ. ಮಕ್ಕಳ ಶಾಲೆಯ ಬಿಳಿ ಅಂಗಿಯ ಹೊಲಿಗೆಯಂಚುಗಳಲ್ಲಿ ಕಿತ್ತಳೆ ಗೆರೆ ಮೂಡುತ್ತದೆ. ಬೈರಾಸಂತೂ ಮೊದಲು ಯಾವ ಬಣ್ಣದ್ದಿತ್ತೆಂದು ಹೇಳುವುದೇ ಕಷ್ಟ. ಮನೆಯವರು ಮೊದಲು ಸೋಪು ಬದಲಾಯಿಸುತ್ತಾರೆ, ಆಮೇಲೆ ನೀಲಿ ಹೆಚ್ಚು ಹಾಕುತ್ತಾರೆ, ಕೊನೆಗೆ ಬ್ಲೀಚಿಂಗ್ ದ್ರಾವಣಕ್ಕೆ ಕೈ ಹಾಕುತ್ತಾರೆ. ಬ್ಲೀಚ್ ಹಾಕಿದ ದಿನ ಕಲೆ ಹೋಗುವುದಿಲ್ಲ, ಇನ್ನೂ ಗಟ್ಟಿಯಾಗಿ ಕೂರುತ್ತದೆ. ಅಷ್ಟರಲ್ಲಿ ಬಟ್ಟೆ ಒಗೆದವರ ಮೇಲೆ ಎರಡು ಮಾತು ಬಂದುಹೋಗಿರುತ್ತದೆ.

ನೀರನ್ನು ಯಾರೂ ಬೇಗ ಅನುಮಾನಿಸುವುದಿಲ್ಲ. ಕಾರಣ, ಪಂಪು ಹಾಕಿದ ಕೂಡಲೇ ಹಿಡಿದ ನೀರು ತಿಳಿಯಾಗಿಯೇ ಇರುತ್ತದೆ. ಬಾಯಿಗೆ ಹಾಕಿದರೆ ಸ್ವಲ್ಪ ಒಗರು, ಮೂಗಿಗೆ ಹಿಡಿದರೆ ತುಸು ಕಬ್ಬಿಣದ ವಾಸನೆ, ಅಷ್ಟೇ. ಅದೇ ನೀರನ್ನು ಬಿಳಿ ಬಕೆಟ್ಟಿನಲ್ಲಿ ಮುಚ್ಚದೆ ಇಟ್ಟು ಮರುದಿನ ಬೆಳಿಗ್ಗೆ ನೋಡಿದರೆ ಮೇಲೆ ತೆಳುವಾದ ಕೆನೆ, ತಳದಲ್ಲಿ ಇಟ್ಟಿಗೆಪುಡಿಯಂಥ ಕೆಸರು. ನೀರಿನೊಳಗೆ ಕಣ್ಣಿಗೆ ಕಾಣದೆ ಕರಗಿದ್ದ ಕಬ್ಬಿಣ ರಾತ್ರಿಯ ಹೊತ್ತಿಗೆ ತುಕ್ಕಾಗಿ ಹೊರಬಿದ್ದಿರುತ್ತದೆ. ಈ ತುಕ್ಕು ಬಕೆಟ್ಟಿನಲ್ಲಿ ಹುಟ್ಟಿದರೆ ಬಟ್ಟೆ ಉಳಿಯುತ್ತದೆ, ಬಟ್ಟೆಯ ನೂಲಿನೊಳಗೆ ಹುಟ್ಟಿದರೆ ಬಟ್ಟೆ ಹೋಗುತ್ತದೆ. ಸೋಸುವ ವ್ಯವಸ್ಥೆಗಳೆಲ್ಲವೂ ಮಾಡುವುದು ಇಷ್ಟನ್ನೇ: ಹೇಗೂ ಹುಟ್ಟಲಿರುವ ತುಕ್ಕನ್ನು ಬಟ್ಟೆಗೆ ತಲುಪುವ ಮೊದಲೇ ಹುಟ್ಟಿಸಿ ಹಿಡಿಯುವುದು.

ಕಬ್ಬಿಣ ಎಲ್ಲಿಂದ ಬಂತು ಎಂಬುದಕ್ಕೆ ಕರಾವಳಿಯಲ್ಲಿ ಹೆಚ್ಚು ಹುಡುಕಬೇಕಾಗಿಲ್ಲ. ಮನೆಯ ಗೋಡೆ, ಬಾವಿಯ ಕಟ್ಟೆ, ತೋಟದ ಅಗಳು ಎಲ್ಲವೂ ಮುರಕಲ್ಲು. 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಕಲ್ಲನ್ನು ಕಂಡು, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸದ ವರದಿಯಲ್ಲಿ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಲಕ್ಷಾಂತರ ವರ್ಷಗಳ ಜಡಿಮಳೆ ಬಂಡೆಯೊಳಗಿನ ಕರಗುವ ಅಂಶಗಳನ್ನೆಲ್ಲ ತೊಳೆದು ಒಯ್ದಮೇಲೆ ಉಳಿದದ್ದೇ ಮುರಕಲ್ಲು. ಕಬ್ಬಿಣ ಮತ್ತು ಅಲ್ಯೂಮಿನಿಯಂಗಳ ಆಕ್ಸೈಡುಗಳು ಅದರ ಮುಖ್ಯ ಭಾಗ. ಕಲ್ಲಿನ ಕೆಂಪು ಎಂದರೆ ತುಕ್ಕಿನ ಕೆಂಪೇ.

ಆದರೆ ಇಲ್ಲೊಂದು ಸಿಕ್ಕು ಇದೆ. ತುಕ್ಕು ನೀರಿನಲ್ಲಿ ಕರಗುವುದಿಲ್ಲ. ಕರಗುವಂತಿದ್ದರೆ ಪ್ರತಿ ಮಳೆಗಾಲಕ್ಕೆ ಅರ್ಧ ಮನೆ ಕೊಚ್ಚಿಹೋಗಬೇಕಿತ್ತು. ಹಾಗಾದರೆ ಅದೇ ಕಲ್ಲಿನ ಕಬ್ಬಿಣ ಬಾವಿಯ ನೀರಿಗೆ ಇಳಿಯುವುದು ಹೇಗೆ? ಉತ್ತರ ಆಮ್ಲಜನಕದಲ್ಲಿದೆ. ಕೊಳೆತ ಎಲೆ, ಬೇರು, ಗದ್ದೆಯ ಕೆಸರು ಇರುವಲ್ಲಿ ಸೂಕ್ಷ್ಮಜೀವಿಗಳು ನೆಲದೊಳಗಿನ ಆಮ್ಲಜನಕವನ್ನು ಮೊದಲು ಮುಗಿಸುತ್ತವೆ. ಅದು ಮುಗಿದ ಮೇಲೆ ಕೆಲವು ಬ್ಯಾಕ್ಟೀರಿಯಾಗಳು ಉಸಿರಾಟಕ್ಕೆ ತುಕ್ಕನ್ನೇ ಬಳಸಿಕೊಳ್ಳುತ್ತವೆ. ಆಗ ಕರಗದ ‘ಫೆರಿಕ್’ ಕಬ್ಬಿಣ ಕರಗುವ ‘ಫೆರಸ್’ ಕಬ್ಬಿಣವಾಗಿ ನೀರಿಗೆ ಸೇರುತ್ತದೆ. ಗುಡ್ಡದ ಮೇಲಿನ ಮನೆಯ ತೆರೆದ ಬಾವಿಯ ನೀರು ಚೆನ್ನಾಗಿದ್ದು, ಅದೇ ಗುಡ್ಡದ ಬುಡದಲ್ಲಿ ಗದ್ದೆಯಂಚಿನ ಬಾವಿ ಬಟ್ಟೆ ಕೆಡಿಸುವುದು ಇದರಿಂದಲೇ. ಇಬ್ಬರ ಕಾಲಡಿಯ ಕಲ್ಲು ಒಂದೇ, ನೀರಿಗೆ ಸಿಗುವ ಗಾಳಿ ಬೇರೆ. ಬೇಸಿಗೆಯಲ್ಲಿ ತೆರೆದ ಬಾವಿ ಬತ್ತಿತೆಂದು ಕೊಳವೆಬಾವಿ ಕೊರೆಸಿದವರಿಗೆ ಸಮಸ್ಯೆ ಒಮ್ಮೆಲೇ ಎದುರಾಗುವುದೂ ಹೀಗೆಯೇ. ಆಳದ ನೀರು ಗಾಳಿ ಕಂಡಿರುವುದಿಲ್ಲ.

ಈಗ ಆ ನೀರು ಬಟ್ಟೆ ಒಗೆಯುವ ಕಲ್ಲಿನ ಬಳಿಗೆ ಬಂತು ಎನ್ನಿ. ಬಕೆಟ್ಟಿಗೆ ಸುರಿಯುವಾಗಲೇ ಅದಕ್ಕೆ ಬೇಕಾದಷ್ಟು ಆಮ್ಲಜನಕ ಸಿಕ್ಕಿತು. ಆದರೂ ಕರಾವಳಿಯ ನೀರಿಗೆ ಸ್ವಲ್ಪ ಹುಳಿಗುಣ ಇರುವುದರಿಂದ ತುಕ್ಕು ನಿಧಾನವಾಗಿ ಹುಟ್ಟುತ್ತದೆ. ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂದು ಅಳೆಯುವ ಪಿಎಚ್ ಸಂಖ್ಯೆ ಒಂದು ಅಂಕ ಏರಿದರೆ ಕಬ್ಬಿಣ ತುಕ್ಕಾಗುವ ವೇಗ ಸುಮಾರು ನೂರು ಪಟ್ಟು ಹೆಚ್ಚುತ್ತದೆ. ಪಿಎಚ್ 7ರಲ್ಲಿ ಅರ್ಧ ಗಂಟೆಯಲ್ಲಿ ಆಗುವ ಕೆಲಸಕ್ಕೆ ಪಿಎಚ್ 6ರಲ್ಲಿ ಎರಡು ದಿನ ಬೇಕು. ಅಂಥ ನೀರಿಗೆ ಡಿಟರ್ಜೆಂಟ್ ಪುಡಿ ಬಿದ್ದರೆ? ಪುಡಿಯಲ್ಲಿ ವಾಷಿಂಗ್ ಸೋಡಾ ಇರುತ್ತದೆ, ಅದು ಪಿಎಚ್ ಅನ್ನು ಹತ್ತರ ಸುತ್ತ ಏರಿಸುತ್ತದೆ. ಎರಡು ದಿನದ ಕೆಲಸ ಕ್ಷಣದಲ್ಲಿ ಮುಗಿಯುತ್ತದೆ. ಆ ಕ್ಷಣದಲ್ಲಿ ನೀರಿನೊಳಗೆ ಪಂಚೆ ನೆನೆದಿರುತ್ತದೆ. ಹತ್ತಿಯ ನೂಲು ಒಳಗೆ ಟೊಳ್ಳು, ನೀರನ್ನು ಹೀರಿಕೊಂಡಿರುತ್ತದೆ. ತುಕ್ಕು ಹುಟ್ಟುವುದು ನೂಲಿನ ಮೇಲಷ್ಟೇ ಅಲ್ಲ, ಒಳಗೂ. ಹೀಗಾಗಿ ಉಜ್ಜಿದರೆ ಹೋಗದು. ಪಾಲಿಯೆಸ್ಟರ್ ಅಷ್ಟಾಗಿ ನೀರು ಹೀರದ್ದರಿಂದ ಅದೇ ಬಕೆಟ್ಟಿನಲ್ಲಿ ಒಗೆದರೂ ಸ್ವಲ್ಪ ಬಚಾವಾಗುತ್ತದೆ.

ಹಳೆಯ ಬಣ್ಣಗಾರರು ಇದನ್ನೇ ಬೇಕೆಂದು ಮಾಡುತ್ತಿದ್ದರು. ಹತ್ತಿಬಟ್ಟೆಯನ್ನು ಕಬ್ಬಿಣದ ಲವಣದ ನೀರಿನಲ್ಲಿ ನೆನೆಸಿ, ಆಮೇಲೆ ಸುಣ್ಣದ ಅಥವಾ ಸೋಡಾದ ನೀರಿಗೆ ಅದ್ದಿ, ಗಾಳಿಗೆ ಹರಡಿದರೆ ಬಿಸಿಲಿಗೂ ಒಗೆತಕ್ಕೂ ಜಗ್ಗದ ಕಂದು-ಕಿತ್ತಳೆ ಬಣ್ಣ ಬರುತ್ತಿತ್ತು. ಯುರೋಪಿನ ಬಟ್ಟೆ ಗಿರಣಿಗಳಲ್ಲಿ ಅದಕ್ಕೆ ‘ಐರನ್ ಬಫ್’ ಎನ್ನುತ್ತಿದ್ದರು. ಕಬ್ಬಿಣದ ನೀರು, ಕ್ಷಾರದ ಪುಡಿ, ಬಿಸಿಲಿನ ಹಗ್ಗ ಮೂರೂ ಇರುವ ಮನೆಯಂಗಳದಲ್ಲಿ ಪ್ರತಿವಾರ ನಡೆಯುವುದು ಇದೇ ಬಣ್ಣಗಾರಿಕೆ. ಒಂದು ಸಲಕ್ಕೆ ಹತ್ತುವ ಬಣ್ಣ ಕಡಿಮೆ, ಆದರೆ ಪ್ರತಿ ಒಗೆತವೂ ಒಂದೊಂದು ಪದರ ಸೇರಿಸುತ್ತದೆ.

ಬ್ಲೀಚ್ ಯಾಕೆ ಕೆಡಿಸುತ್ತದೆ ಎಂಬುದೂ ಈಗ ಸ್ಪಷ್ಟ. ಸಾರು, ಎಣ್ಣೆ, ಹಣ್ಣಿನ ಕಲೆಗಳನ್ನು ಬ್ಲೀಚ್ ಆಕ್ಸಿಡೀಕರಿಸಿ ಬಣ್ಣಗೆಡಿಸುತ್ತದೆ. ತುಕ್ಕು ಆಗಲೇ ಆಕ್ಸಿಡೀಕರಣಗೊಂಡ ವಸ್ತು, ಬ್ಲೀಚ್ ಅದಕ್ಕೇನೂ ಮಾಡಲಾರದು. ಬದಲಿಗೆ ನೀರಿನಲ್ಲಿ ಇನ್ನೂ ಕರಗಿ ಉಳಿದಿದ್ದ ಕಬ್ಬಿಣವನ್ನೂ ತುಕ್ಕು ಮಾಡಿ ಬಟ್ಟೆಗೆ ಕೂರಿಸುತ್ತದೆ. ‘ಆಕ್ಸಿಜನ್ ಬ್ಲೀಚ್’ ಎಂದು ಮಾರುವ ಪೆರಾಕ್ಸೈಡ್ ಪುಡಿಗಳಲ್ಲಿ ಇನ್ನೊಂದು ಅಪಾಯ. ತುಕ್ಕು ಇರುವ ಜಾಗದಲ್ಲಿ ಪೆರಾಕ್ಸೈಡ್ ವಿಪರೀತ ವೇಗದಲ್ಲಿ ಒಡೆದು ಅಲ್ಲಿನ ಹತ್ತಿಯ ನೂಲನ್ನೇ ತಿನ್ನುತ್ತದೆ. ಕಲೆ ಇದ್ದಲ್ಲೇ ಕೆಲವು ತಿಂಗಳ ಮೇಲೆ ತೂತು ಬೀಳಲು ಇದೂ ಒಂದು ಕಾರಣ.

ತುಕ್ಕನ್ನು ತೆಗೆಯಲು ಬೇಕಾದದ್ದು ಆಮ್ಲ, ಅದರಲ್ಲೂ ಕಬ್ಬಿಣವನ್ನು ಹಿಡಿದುಕೊಂಡು ನೀರಿಗೆ ಎಳೆದೊಯ್ಯುವ ಆಮ್ಲ. ಲಿಂಬೆಯ ಸಿಟ್ರಿಕ್ ಆಮ್ಲಕ್ಕೆ ಆ ಗುಣ ಸ್ವಲ್ಪ ಇದೆ. ಹೊಸ ಕಲೆಗೆ ಲಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟರೆ ತಿಳಿಯಾಗುತ್ತದೆ. ಹಳೆಯ ಕಲೆಗೆ ಆಕ್ಸಾಲಿಕ್ ಆಮ್ಲವೇ ಬೇಕು. ಹಿತ್ತಿಲಲ್ಲಿ ಬಿಂಬುಳಿ ಮರ ಇರುವವರ ಬಳಿ ಆ ಆಮ್ಲ ಆಗಲೇ ಇದೆ. ಬಿಂಬುಳಿಯ ಕಡುಹುಳಿಯಲ್ಲಿ ಆಕ್ಸಾಲಿಕ್ ಆಮ್ಲದ ಪಾಲು ದೊಡ್ಡದು. ಕತ್ತಿಯ ತುಕ್ಕು, ಬಟ್ಟೆಯ ತುಕ್ಕುಕಲೆ ತೆಗೆಯಲು ಅದರ ರಸ ಉಜ್ಜುವ ರೂಢಿ ಅದು ಬೆಳೆಯುವ ಹಲವು ದೇಶಗಳಲ್ಲಿದೆ. ದಾರೆಹುಳಿಯದೂ ಅದೇ ಕುಲ, ಅದೇ ಗುಣ.

ರಾಸಾಯನಿಕದ ಅಂಗಡಿಯಿಂದ ಆಕ್ಸಾಲಿಕ್ ಆಮ್ಲದ ಹರಳು ತಂದವರು ಒಂದು ಲೀಟರ್ ಬಿಸಿನೀರಿಗೆ ಒಂದು ಚಹಾ ಚಮಚದಷ್ಟು ಹಾಕಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಸಿಕೊಳ್ಳಬೇಕು. ಬಿಳಿ ಹತ್ತಿಬಟ್ಟೆಯನ್ನು ಕಾಲರಿಂದ ಅರ್ಧ ಗಂಟೆ ಅದರಲ್ಲಿ ಮುಳುಗಿಸಿಟ್ಟರೆ ಕಿತ್ತಳೆ ಬಣ್ಣ ಕಣ್ಣೆದುರೇ ಕರಗಿಹೋಗುತ್ತದೆ. ಕೈಗೆ ರಬ್ಬರ್ ಗ್ಲೌಸು ಕಡ್ಡಾಯ. ಇದು ವಿಷ, ಹೊಟ್ಟೆಗೆ ಹೋದರೆ ಮೂತ್ರಪಿಂಡ ಕೆಡುತ್ತದೆ, ಹಾಗಾಗಿ ಮಕ್ಕಳ ಕೈಗೆ ಸಿಗುವಲ್ಲಿ ಇಡುವಂತಿಲ್ಲ. ಬ್ಲೀಚಿನ ಜೊತೆ ಯಾವ ಆಮ್ಲವನ್ನೂ ಬೆರೆಸಬಾರದು, ಉಸಿರುಗಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ. ಕಲೆ ಹೋದ ಮೇಲೆ ಬಟ್ಟೆಯನ್ನು ಮೂರು ನೀರಿನಲ್ಲಿ ಚೆನ್ನಾಗಿ ಜಾಲಾಡಬೇಕು. ಆಮ್ಲ ಉಳಿದು ಒಣಗಿದರೆ ನೂಲು ಪೊಳ್ಳಾಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲಿಯೇ: ಜಾಲಾಡುವ ನೀರೂ ಅದೇ ಬಾವಿಯದು. ಎರಡು ಒಗೆತದಲ್ಲಿ ಬಣ್ಣ ವಾಪಸು. ಕಲೆ ತೆಗೆಯುವುದು ಸುಲಭ, ಮತ್ತೆ ಬಾರದಂತೆ ಮಾಡಲು ನೀರಿಗೇ ಕೈ ಹಾಕಬೇಕು.

ಕೈ ಹಾಕುವ ಮೊದಲು ಕಬ್ಬಿಣ ನಿಜವಾಗಿಯೂ ಬಾವಿಯದ್ದೋ ಎಂದು ನೋಡಬೇಕು. ಬೆಳಿಗ್ಗೆ ನಲ್ಲಿ ತಿರುಗಿಸಿದ ಕೂಡಲೇ ಕೆಂಪು ನೀರು ಬಂದು, ಎರಡು ನಿಮಿಷ ಹರಿದ ಮೇಲೆ ತಿಳಿಯಾಗಿ, ಆ ತಿಳಿನೀರು ಮರುದಿನದವರೆಗೂ ತಿಳಿಯಾಗಿಯೇ ಉಳಿದರೆ ತಪ್ಪು ಮನೆಯ ಹಳೆಯ ಜಿ.ಐ. ಪೈಪಿನದು. ಅಂಥಲ್ಲಿ ಫಿಲ್ಟರ್ ಕೂರಿಸಿ ಪ್ರಯೋಜನವಿಲ್ಲ, ಪೈಪು ಬದಲಿಸಿದರೆ ಸಾಕು. ನೀರು ಬಾವಿಯ ಬಾಯಲ್ಲೇ ತಿಳಿಯಾಗಿದ್ದು ಇಟ್ಟಮೇಲೆ ಕೆಂಪಾದರೆ ಅದು ಕರಗಿದ ಕಬ್ಬಿಣ. ಫ್ಲಶ್ ಟ್ಯಾಂಕಿನ ಒಳಗೆ ಲೋಳೆಲೋಳೆಯಾದ ಕೆಂಪು ಅಂಟು ಕಟ್ಟಿದ್ದರೆ ಕಬ್ಬಿಣ ತಿಂದು ಬದುಕುವ ಬ್ಯಾಕ್ಟೀರಿಯಾಗಳೂ ಸೇರಿಕೊಂಡಿವೆ ಎಂದರ್ಥ. ನೀರಿನ ಮೇಲೆ ಎಣ್ಣೆಯಂತೆ ಹೊಳೆಯುವ ಪೊರೆ ಕಂಡು ಡೀಸೆಲ್ ಸೇರಿದೆಯೆಂದು ಗಾಬರಿಯಾಗುವವರಿದ್ದಾರೆ. ಕಡ್ಡಿಯಿಂದ ಕಲಕಿದಾಗ ಪೊರೆ ಗಾಜಿನ ಚೂರುಗಳಂತೆ ಒಡೆದು ಬೇರೆಯಾದರೆ ಅದು ಕಬ್ಬಿಣದ್ದು. ಮತ್ತೆ ಕೂಡಿಕೊಂಡರೆ ಮಾತ್ರ ಎಣ್ಣೆ.

ಇನ್ನೊಂದು ಪರೀಕ್ಷೆಗೆ ಖರ್ಚೇ ಇಲ್ಲ. ಎರಡು ಪೇರಳೆ ಎಲೆ ಜಜ್ಜಿ ಒಂದು ಲೋಟ ನೀರಿಗೆ ಹಾಕಿದರೆ, ಕಬ್ಬಿಣ ಹೆಚ್ಚಿದ್ದಲ್ಲಿ ನೀರು ನೇರಳೆಗಪ್ಪಾಗುತ್ತದೆ. ಎಲೆಯ ಟ್ಯಾನಿನ್ ಮತ್ತು ಕಬ್ಬಿಣ ಕೂಡಿದರೆ ಮಸಿಯ ಬಣ್ಣ. ಕಪ್ಪು ಚಹಾದ ಡಿಕಾಕ್ಷನ್ನೂ ಇದೇ ಕೆಲಸ ಮಾಡುತ್ತದೆ. ಇಂಥ ಮನೆಗಳಲ್ಲಿ ಚಹಾದ ಬಣ್ಣ ಮಂಕಾಗಿ ಕಪ್ಪಿಡುವುದನ್ನು ನೆಂಟರು ಮೊದಲು ಗಮನಿಸುತ್ತಾರೆ, ಮನೆಯವರಿಗೆ ಅಭ್ಯಾಸವಾಗಿರುತ್ತದೆ.

ಎಲೆ ಹೇಳುವುದು ‘ಇದೆ’ ಅಥವಾ ‘ಇಲ್ಲ’ ಎಂದು ಮಾತ್ರ. ಎಷ್ಟಿದೆ ಎಂಬ ಅಂಕಿ ಬೇಕಾದರೆ ಪ್ರಯೋಗಾಲಯಕ್ಕೆ ಕೊಡಬೇಕು, ಕಬ್ಬಿಣದ ಜೊತೆ ಪಿಎಚ್ ಮತ್ತು ಮ್ಯಾಂಗನೀಸ್ ಕೂಡ ನೋಡಿರೆಂದು ಕೇಳಬೇಕು. ವರದಿ ಓದುವಾಗ ಒಂದು ಎಚ್ಚರ ಬೇಕು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಲ್ಲಿ ಕಬ್ಬಿಣದ ಮಿತಿ ಮೊದಲು ಲೀಟರಿಗೆ 0.3 ಮಿಲಿಗ್ರಾಂ ಇತ್ತು, 2015ರ ತಿದ್ದುಪಡಿಯಲ್ಲಿ ಅದು 1 ಮಿಲಿಗ್ರಾಂ ಆಯಿತು. ಈ ಪ್ರಮಾಣದ ಕಬ್ಬಿಣ ಆರೋಗ್ಯ ಕೆಡಿಸುವಂಥದ್ದಲ್ಲ, ಹಾಗಾಗಿ ಕುಡಿಯುವ ಮಟ್ಟಿಗೆ ಆ ಮಿತಿ ಸರಿಯೇ. ಬಿಳಿ ಬಟ್ಟೆ ಮಾತ್ರ 0.3 ದಾಟಿದರೆ ಕಲೆ ಹಿಡಿಯತೊಡಗುತ್ತದೆ. 0.7 ಮಿಲಿಗ್ರಾಂ ಕಬ್ಬಿಣದ ನೀರಿಗೆ ‘ಕುಡಿಯಲು ಯೋಗ್ಯ’ ಎಂಬ ವರದಿ ಬರುತ್ತದೆ, ಪಂಚೆಯೂ ಕೆಡುತ್ತದೆ. ಎರಡೂ ನಿಜ.

ಮನೆಬಾಗಿಲಿಗೆ ಬಂದು ಎರಡು ಲೋಟ ನೀರಿಗೆ ವಿದ್ಯುತ್ತಿನ ಕಡ್ಡಿ ಇಳಿಸಿ, ಒಂದು ಲೋಟ ಕೆಸರಾಗುವುದನ್ನು ತೋರಿಸಿ ಶುದ್ಧೀಕರಣ ಯಂತ್ರ ಮಾರುವವರ ಆಟವನ್ನು ಪರೀಕ್ಷೆಯೆಂದು ನಂಬಬಾರದು. ಅಲ್ಲಿ ಏಳುವ ಕೆಸರು ಬಹುಪಾಲು ಆ ಕಡ್ಡಿಯ ಲೋಹದ್ದೇ. ಲವಣ ಇರುವ ಯಾವ ನೀರಿಗೆ ಇಳಿಸಿದರೂ ಕೆಸರು ಬರುತ್ತದೆ, ಲವಣವೇ ಇಲ್ಲದ ಆರ್‌ಓ ನೀರಿಗೆ ಇಳಿಸಿದರೆ ಬಾರದು. ಅಂದಹಾಗೆ ಆರ್‌ಓ ಯಂತ್ರ ಈ ಸಮಸ್ಯೆಗೆ ಮದ್ದಲ್ಲ. ಕಬ್ಬಿಣದ ನೀರನ್ನು ನೇರವಾಗಿ ಬಿಟ್ಟರೆ ಅದರ ದುಬಾರಿ ಪೊರೆಯೇ ತುಕ್ಕು ಹಿಡಿದು ಕಟ್ಟಿಕೊಳ್ಳುತ್ತದೆ. ಗಡಸು ನೀರಿಗೆಂದು ಮಾರುವ ಸಾಫ್ಟನರ್ ಕೂಡ ಕೆಲಕಾಲ ಕಬ್ಬಿಣ ಹಿಡಿದು ಆಮೇಲೆ ಸೋಲುತ್ತದೆ.

ಬಾಡಿಗೆ ಮನೆಯವರಿಗೆ, ಅಥವಾ ವಾರಕ್ಕೆ ನಾಲ್ಕು ಬಿಳಿ ಬಟ್ಟೆ ಮಾತ್ರ ಒಗೆಯುವವರಿಗೆ ಯಂತ್ರವೇ ಬೇಡ. ಹಿಂದಿನ ಸಂಜೆ 20 ಲೀಟರ್ ಬಕೆಟ್ಟಿಗೆ ನೀರನ್ನು ಎತ್ತರದಿಂದ ನಾಲ್ಕೈದು ಸಲ ಹೊಯ್ದು ಗಾಳಿ ಬೆರೆಸಬೇಕು. ಸುಮಾರು ಅರ್ಧ ಚಹಾ ಚಮಚ ವಾಷಿಂಗ್ ಸೋಡಾ ಕರಗಿಸಿ ಕಲಕಬೇಕು. ನೀರು ನೋಡುನೋಡುತ್ತ ಮಸುಕಾಗಿ ಕಿತ್ತಳೆಗೆ ತಿರುಗುತ್ತದೆ. ರಾತ್ರಿಯಿಡೀ ಅಲುಗಾಡಿಸದೆ ಬಿಟ್ಟರೆ ಕೆಸರು ತಳ ಸೇರುತ್ತದೆ. ಬೆಳಿಗ್ಗೆ ಮೇಲಿನ ನೀರನ್ನು ಮಡಚಿದ ಹಳೆಯ ಪಂಚೆಯಲ್ಲಿ ಸೋಸಿಕೊಂಡು, ತಳದ ನಾಲ್ಕು ಬೆರಳಷ್ಟು ಚೆಲ್ಲಿದರೆ ಆಯಿತು. ಒಗೆಯಲು ಮಾತ್ರವಲ್ಲ, ಜಾಲಾಡಲೂ ಈ ನೀರೇ ಬೇಕು. ಡಿಟರ್ಜೆಂಟಿನ ಕ್ಷಾರ ಬಟ್ಟೆಯಲ್ಲಿ ಉಳಿದಿರುವಾಗ ಹಸಿ ಬಾವಿನೀರು ಸುರಿದರೆ ಅಲ್ಲಿಗೆ ಎಲ್ಲ ವ್ಯರ್ಥ. ಇದೇ ಉಪಾಯವನ್ನು ಇಡೀ ಮನೆಗೆ ಹಿಗ್ಗಿಸಿದರೆ ಕಬ್ಬಿಣದ ಫಿಲ್ಟರ್.

ಒಂದು ಲೆಕ್ಕ ಹಾಕಿ ನೋಡಬಹುದು. ಐದು ಜನರ ಮನೆ, ದಿನಕ್ಕೆ ಸಾವಿರ ಲೀಟರ್ ಬಳಕೆ, ಕೊಳವೆಬಾವಿಯ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಕಬ್ಬಿಣ, ಪಿಎಚ್ 6.2 ಎಂದಿಟ್ಟುಕೊಳ್ಳೋಣ. ದಿನಕ್ಕೆ 3 ಗ್ರಾಂ ಕಬ್ಬಿಣ ಮನೆಯೊಳಗೆ ಬರುತ್ತದೆ. ಅದು ನೀರಿನಂಶ ಸೇರಿ ತುಕ್ಕಾದಾಗ ಸುಮಾರು 6 ಗ್ರಾಂ, ತಿಂಗಳಿಗೆ ಹತ್ತಿರಹತ್ತಿರ 180 ಗ್ರಾಂ ಕೆಸರು. ಎಲ್ಲಾದರೂ ಒಂದು ಕಡೆ ಅದು ಕೂರಲೇಬೇಕು.

ಮೊದಲ ಹಂತ ಗಾಳಿ. 3 ಮಿಲಿಗ್ರಾಂ ಕಬ್ಬಿಣಕ್ಕೆ ಅರ್ಧ ಮಿಲಿಗ್ರಾಂ ಆಮ್ಲಜನಕವೂ ಬೇಕಾಗಿಲ್ಲ. ನಮ್ಮ ಸೆಕೆಯಲ್ಲೂ ಗಾಳಿ ಕಂಡ ನೀರಿನಲ್ಲಿ ಲೀಟರಿಗೆ 8 ಮಿಲಿಗ್ರಾಂ ಇರುತ್ತದೆ. ಹಾಗಾಗಿ ಪಂಪಿನ ಪೈಪಿನ ತುದಿಗೆ ಶವರ್‌ನಂಥ ತೂತಿನ ಕೊಳವೆ ಕಟ್ಟಿ, ಒಂದರ ಕೆಳಗೊಂದು ಇಟ್ಟ ಎರಡು ಮೂರು ತೂತಿನ ತಟ್ಟೆಗಳ ಮೂಲಕ ನೀರನ್ನು ಸಂಪಿಗೆ ಬೀಳಿಸಿದರೂ ಸಾಕು. ಹೀಗೆ ಬೀಳಿಸುವುದರಿಂದ ಇನ್ನೊಂದು ಲಾಭವೂ ಇದೆ. ನೆಲದಾಳದ ನೀರಿನ ಹುಳಿಗೆ ಕಾರಣವಾದ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ತಾನಾಗಿ ಸ್ವಲ್ಪ ಏರುತ್ತದೆ.

ಆ ಸ್ವಲ್ಪ ಸಾಲದು. 6.2ರ ನೀರು ಕನಿಷ್ಠ 7ರ ಆಸುಪಾಸಿಗೆ ಬರಬೇಕು, ಇಲ್ಲದಿದ್ದರೆ ಕಬ್ಬಿಣ ಕರಗಿದ ರೂಪದಲ್ಲೇ ಮರಳಿನ ನಡುವೆ ನುಸುಳಿ ಟ್ಯಾಂಕು ಸೇರುತ್ತದೆ. ‘ಫಿಲ್ಟರ್ ಹಾಕಿಸಿದೆವು, ಏನೂ ಪ್ರಯೋಜನವಾಗಲಿಲ್ಲ’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ. ಮಾರಿದವರು ಕಬ್ಬಿಣ ಅಳೆದಿರುತ್ತಾರೆ, ಪಿಎಚ್ ಅಳೆದಿರುವುದಿಲ್ಲ. ಪರಿಹಾರ ಸರಳ: ತಟ್ಟೆಗಳಲ್ಲಿ ಅಥವಾ ಸಂಪಿನ ಬಾಯಲ್ಲಿ ಸುಣ್ಣಕಲ್ಲಿನ ಚೂರುಗಳ ಹಾಸು. ಹುಳಿ ನೀರು ಅದನ್ನು ಸ್ವಲ್ಪಸ್ವಲ್ಪವೇ ಕರಗಿಸಿಕೊಂಡು ತನ್ನ ಹುಳಿ ಕಳೆದುಕೊಳ್ಳುತ್ತದೆ. ನೀರು ತಟಸ್ಥವಾದಂತೆ ಕಲ್ಲು ಕರಗುವುದೂ ನಿಧಾನವಾಗುವುದರಿಂದ ಪ್ರಮಾಣ ಹೆಚ್ಚಾದೀತೆಂಬ ಭಯವಿಲ್ಲ. ಕರಾವಳಿಯಲ್ಲಿ ಸಿಗುವ ಚಿಪ್ಪಿನ ಚೂರುಗಳೂ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಚೂರುಗಳು ಸವೆಯುತ್ತವೆ, ತುಕ್ಕು ಮೆತ್ತಿಕೊಂಡು ಕೆಲಸ ನಿಲ್ಲಿಸುತ್ತವೆ. ಆಗಾಗ ತೊಳೆದು, ಕಡಿಮೆಯಾದಷ್ಟು ಹೊಸತು ಸೇರಿಸುವುದು ಮರೆತರೆ ಪಿಎಚ್ ಮತ್ತೆ ಇಳಿಯುತ್ತದೆ.

ಸಂಪಿನಲ್ಲಿ ನೀರು ಒಂದೆರಡು ಗಂಟೆಯಾದರೂ ನಿಲ್ಲಬೇಕು. ತುಕ್ಕು ಹುಟ್ಟಲು, ಸಣ್ಣ ಕಣಗಳು ಒಂದಕ್ಕೊಂದು ಅಂಟಿ ದೊಡ್ಡದಾಗಲು ಈ ಬಿಡುವು. ದೊಡ್ಡ ಪಾಲು ಇಲ್ಲೇ ತಳಕ್ಕಿಳಿಯುತ್ತದೆ. ಆದ್ದರಿಂದ ಪಂಪಿನ ಹೀರುಕೊಳವೆ ತಳದಿಂದ ಒಂದಡಿಯಾದರೂ ಮೇಲಿರಬೇಕು.

ಉಳಿದದ್ದನ್ನು ಹಿಡಿಯುವುದು ಒತ್ತಡದ ಫಿಲ್ಟರ್. ಮನೆಗಳಿಗೆ ಸಾಮಾನ್ಯವಾಗಿ ಕೂರಿಸುವ, 13 ಇಂಚು ಅಗಲ 54 ಇಂಚು ಎತ್ತರದ ಫೈಬರ್ ಪಾತ್ರೆಯೊಳಗೆ ಕೆಳಗೆ ಜಲ್ಲಿ, ಮೇಲೆ ಮರಳು, ಅದರ ಜೊತೆ ಮ್ಯಾಂಗನೀಸ್ ಡೈಆಕ್ಸೈಡ್ ಲೇಪಿಸಿದ ಕಪ್ಪು ಹರಳು ಇರುತ್ತದೆ. ಈ ಹರಳಿನ ಮೈ ತಾಗಿದ ಕಡೆ ಉಳಿದ ಕಬ್ಬಿಣವೂ ಬೇಗ ತುಕ್ಕಾಗಿ ಅಲ್ಲೇ ಅಂಟುತ್ತದೆ. ಪಾತ್ರೆಯ ಅಗಲ ನೋಡಿದರೆ ಅದು ಚೆನ್ನಾಗಿ ಸೋಸಬಲ್ಲದ್ದು ಗಂಟೆಗೆ 700ರಿಂದ 850 ಲೀಟರ್. ಮನೆಯ ಅರ್ಧ ಅಶ್ವಶಕ್ತಿಯ ಪಂಪು ಅದಕ್ಕಿಂತ ಎಷ್ಟೋ ಹೆಚ್ಚು ತಳ್ಳುತ್ತದೆ. ಹಾಗೇ ಬಿಟ್ಟರೆ ತುಕ್ಕಿನ ಕಣ ಮರಳನ್ನು ಸೀಳಿಕೊಂಡು ಆಚೆ ಹೋಗುತ್ತದೆ. ಹೊರಹೋಗುವ ಪೈಪಿನ ವಾಲ್ವನ್ನು ಅರೆಮುಚ್ಚಿ, ಒಂದು ಬಕೆಟ್ ತುಂಬಲು ಎಷ್ಟು ಸೆಕೆಂಡು ಹಿಡಿಯುತ್ತದೆಂದು ನೋಡಿ ವೇಗ ಹೊಂದಿಸಬೇಕು. 20 ಲೀಟರ್ ಬಕೆಟ್ ಒಂದೂವರೆ ನಿಮಿಷದಲ್ಲಿ ತುಂಬಿದರೆ ಗಂಟೆಗೆ 800 ಲೀಟರ್.

ತೊಳೆಯುವಾಗ ಮಾತ್ರ ಉಲ್ಟಾ. ಫಿಲ್ಟರಿಗೆ ಕೆಳಗಿನಿಂದ ಮೇಲಕ್ಕೆ ನೀರು ಹೊಡೆದು ಹಾಸನ್ನು ಸಡಿಲಿಸಿ ಕೆಸರನ್ನು ಹೊರಹಾಕುವುದಕ್ಕೆ ‘ಬ್ಯಾಕ್‌ವಾಶ್’ ಎನ್ನುತ್ತಾರೆ. ಆಗ ಸೋಸುವಾಗಿನ ಮೂರು ಪಟ್ಟು ವೇಗ ಬೇಕು, ಗಂಟೆಗೆ ಎರಡು ಸಾವಿರ ಲೀಟರಿಗೂ ಹೆಚ್ಚು. ಪಂಪಿನ ಪೂರ್ತಿ ಬಲ ಬೇಕಾಗುವುದು ಇದಕ್ಕೇ. ನಮ್ಮ ಲೆಕ್ಕದ ಮನೆಯಲ್ಲಿ ವಾರಕ್ಕೆ ಎರಡು ಸಲ, ಒಂದೊಂದು ಸಲಕ್ಕೆ ಹತ್ತು ನಿಮಿಷ, ಹೊರಬರುವ ನೀರು ತಿಳಿಯಾಗುವವರೆಗೆ ಮಾಡಬೇಕು. ಇದಕ್ಕೆ ಪ್ರತಿಸಲ 400 ಲೀಟರಿನಷ್ಟು ನೀರು ಹೋಗುತ್ತದೆ. ಬೇಸಿಗೆಯಲ್ಲಿ ನೀರು ಉಳಿಸಲು ಬ್ಯಾಕ್‌ವಾಶ್ ತಪ್ಪಿಸುವವರು ಫಿಲ್ಟರನ್ನೇ ಕಳೆದುಕೊಳ್ಳುತ್ತಾರೆ. ತಿಂಗಳುಗಟ್ಟಲೆ ಬಿಟ್ಟ ತುಕ್ಕು ಮರಳನ್ನು ಸಿಮೆಂಟಿನಂತೆ ಗಟ್ಟಿಕಟ್ಟಿಸುತ್ತದೆ. ಆಮೇಲೆ ನೀರು ಒಂದೆರಡು ಬಿರುಕುಗಳಲ್ಲಿ ಮಾತ್ರ ಹರಿದು ಸೋಸದೆ ಹೊರಬರುತ್ತದೆ, ಪಾತ್ರೆ ಬಿಚ್ಚಿ ಮರಳು ಬದಲಿಸದೆ ದಾರಿಯಿರುವುದಿಲ್ಲ. ಆ 400 ಲೀಟರ್ ಕೆಂಪು ನೀರನ್ನು ಚರಂಡಿಗೆ ಬಿಡಬೇಕೆಂದೂ ಇಲ್ಲ. ಹೊಂಡವೊಂದರಲ್ಲಿ ನಿಲ್ಲಿಸಿದರೆ ಕೆಸರು ಇಳಿದು ಮೇಲಿನದು ತೆಂಗಿನ ಬುಡಕ್ಕಾಗುತ್ತದೆ.

ವರದಿಯಲ್ಲಿ ಮ್ಯಾಂಗನೀಸ್ ಕೂಡ ಹೆಚ್ಚಿದ್ದರೆ ಈ ವ್ಯವಸ್ಥೆಗೂ ಮಿತಿ ಬೀಳುತ್ತದೆ. ಅದು ಬಟ್ಟೆಗೆ ಕಿತ್ತಳೆಯ ಬದಲು ಕಂದುಗಪ್ಪು ಕಲೆ ಬಿಡುತ್ತದೆ, ಬರಿಯ ಗಾಳಿಗೆ ಈ ಪಿಎಚ್‌ನಲ್ಲಿ ಬಗ್ಗುವುದಿಲ್ಲ. ಕ್ಲೋರಿನ್ ಅಥವಾ ಪರ್ಮಾಂಗನೇಟ್ ಸೇರಿಸುವ ಏರ್ಪಾಡು ಬೇಕಾಗುತ್ತದೆ. ಲೋಳೆ ಕಟ್ಟುವ ಬ್ಯಾಕ್ಟೀರಿಯಾ ಇದ್ದರೂ ಅಷ್ಟೇ, ಮೊದಲು ಕೊಳವೆಬಾವಿಗೇ ಕ್ಲೋರಿನ್ ಹಾಕಿ ತೊಳೆಯಬೇಕು. ಒಮ್ಮೆ ತೊಳೆದರೆ ಪೂರ್ತಿ ಹೋಗುವ ಪೈಕಿ ಅಲ್ಲ ಅವು, ಕೆಲವು ತಿಂಗಳಲ್ಲಿ ಮತ್ತೆ ಬರುತ್ತವೆ.

ಎಲ್ಲ ಸರಿಯಾಗಿ ಕೂರಿಸಿದ ಮೇಲೂ ಮೊದಲ ವಾರಗಳಲ್ಲಿ ಬಟ್ಟೆಗೆ ಕಲೆ ಬಂದರೆ ಫಿಲ್ಟರ್ ಮಾರಿದವರ ಮೇಲೆ ಹರಿಹಾಯುವ ಮೊದಲು ಮಹಡಿಯ ಟ್ಯಾಂಕಿನ ಮುಚ್ಚಳ ತೆಗೆದು ನೋಡಬೇಕು. ವರ್ಷಗಟ್ಟಲೆ ಇಳಿದ ಕೆಸರು ತಳದಲ್ಲಿ ಬೆರಳು ಮುಳುಗುವಷ್ಟು ಇರುತ್ತದೆ, ಪೈಪುಗಳ ಒಳಗೋಡೆಗೂ ಮೆತ್ತಿರುತ್ತದೆ. ಟ್ಯಾಂಕು ತೊಳೆದು, ಎಲ್ಲ ನಲ್ಲಿಗಳನ್ನೂ ಒಂದೊಂದಾಗಿ ಪೂರ್ತಿ ತಿರುಗಿಸಿ ನೀರು ಹರಿಸಿಬಿಡಬೇಕು. ಆಮೇಲೆ ಮೂರು ಕಡೆಯ ನೀರು ಬೇರೆಬೇರೆ ಲೋಟಗಳಲ್ಲಿ ಹಿಡಿದು ಪೇರಳೆ ಎಲೆ ಹಾಕಬೇಕು: ಬಾವಿಯ ಬಾಯಿ, ಫಿಲ್ಟರಿನ ಹೊರಗಂಡಿ, ಬಚ್ಚಲಿನ ನಲ್ಲಿ. ಫಿಲ್ಟರಿನ ಹೊರಗಂಡಿಯ ನೀರು ತಿಳಿಯಾಗಿಯೇ ಉಳಿದು ಬಚ್ಚಲಿನದು ಕಪ್ಪಾದರೆ ಕೆಸರು ಇನ್ನೂ ಪೈಪಿನಲ್ಲಿದೆ. ಹೊರಗಂಡಿಯದೇ ಕಪ್ಪಾದರೆ ಸುಣ್ಣಕಲ್ಲು ಸವೆದಿದೆಯೋ, ವಾಲ್ವು ಪೂರ್ತಿ ತೆರೆದಿದೆಯೋ, ಬ್ಯಾಕ್‌ವಾಶ್ ತಪ್ಪಿದೆಯೋ ಎಂದು ಅದೇ ಕ್ರಮದಲ್ಲಿ ನೋಡಿಕೊಂಡು ಬರಬೇಕು.